ಚಾರ್ಜರ್ ತೆಗೆಯಲು ಕೈ ಚಾಚಿದರೂ "ಇವತ್ತು ಬೇಡ" ಅನ್ನುತ್ತಾರೆ. ಈ ಮಾತನ್ನು ಹೇಗೆ ಎತ್ತಲಿ?

ತುಂಗೆ_ತೀರ
ಹೆಸರು ಹೇಳದೆ ಬರೆಯುತ್ತಿದ್ದೇನೆ, ಕ್ಷಮಿಸಿ. ಮದುವೆಯಾಗಿ ಒಂಬತ್ತು ವರ್ಷ, ಆರು ವರ್ಷದ ಮಗ ಇದ್ದಾನೆ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಜಗಳ ಇಲ್ಲ, ಕುಡಿತ ಇಲ್ಲ. ಆದರೆ ಸುಮಾರು ಹತ್ತು ತಿಂಗಳಿಂದ ನಮ್ಮಿಬ್ಬರ ನಡುವೆ ಏನೂ ಇಲ್ಲ. ಬೇಕು ಅನ್ನಿಸುವುದು ನನಗೆ, ತಪ್ಪಿಸಿಕೊಳ್ಳುವುದು ಅವರು.

ಕಳೆದ ವಾರ ರಾತ್ರಿ ಮಲಗಿದ್ದಾಗ ಅವರ ಆ ಕಡೆ ಇದ್ದ ಚಾರ್ಜರ್ ಬೇಕಾಯಿತು. ಅವರ ಮೇಲಿಂದ ಕೈ ಚಾಚಿದೆ. ಅವರ ಮೈ ಸೆಟೆದುಕೊಂಡಿತು. "ಇವತ್ತು ಬೇಡ ಕಣೇ, ನಾಳೆ ಬೇಗ ಏಳಬೇಕು" ಅಂದರು. ನಾನು ಚಾರ್ಜರ್ ತೆಗೆದುಕೊಂಡು ಹಾಲಿಗೆ ಬಂದು ಕೂತೆ. ಅಳು ಬರಲಿಲ್ಲ, ನಗುವೂ ಬರಲಿಲ್ಲ.

ಹೆಂಗಸಾಗಿ ನಾನೇ ಇದನ್ನು ಕೇಳಬೇಕಾಗಿದೆಯಲ್ಲ ಅನ್ನುವುದೇ ಒಂದು ನಾಚಿಕೆ. ಕೇಳಿದರೆ ಅವರಿಗೆ ಅವಮಾನ ಆಗುತ್ತದೆ ಅನ್ನುವ ಹೆದರಿಕೆ ಬೇರೆ. ಎರಡು ಸಲ ಕೇಳಿದ್ದೇನೆ, ಎರಡು ಸಲವೂ ಮಲಗುವ ಹೊತ್ತಿಗೆ. ಒಂದು ಸಲ "ಸುಸ್ತು" ಅಂದರು, ಇನ್ನೊಂದು ಸಲ ಎದ್ದು ಹೋದರು. ಯಾರಾದರೂ ಈ ಮಾತನ್ನು ಜಗಳವಾಗದ ಹಾಗೆ ಆಡಿದ್ದೀರಾ?

ಒನ್_ಬೈ_ಟೂ
ಗುರು, ಮಗು ಆದ ಮೇಲೆ ಹೆಂಡತಿಯರು ಹೀಗೇ. ಸ್ವಲ್ಪ ಮನೆ ಕೆಲಸ ಹಂಚಿಕೋ, ಪಾತ್ರೆ ತೊಳೆದುಕೊಡು, ತಾನಾಗೇ ಸರಿ ಹೋಗುತ್ತದೆ.

ಧಾರವಾಡ_ಪೇಢಾ
ಪೋಸ್ಟ್ ಪೂರ್ತಿ ಓದ್ರಿ ಸಾಹೇಬ್ರ. ಬರೆದವರೇ ಹೆಂಡತಿ.

ಒನ್_ಬೈ_ಟೂ
ಅಯ್ಯೋ, ಹೌದಲ್ಲ. ಸಾರಿ ಮೇಡಂ. ಯಾವಾಗಲೂ ಗಂಡಸರೇ ಇದನ್ನು ಕೇಳುವುದು ಅಂದುಕೊಂಡುಬಿಟ್ಟಿದ್ದೆ.

ತುಂಗೆ_ತೀರ
ನೋಡಿ, ಇದೇ ನನ್ನ ಕಷ್ಟ. ಕೇಳುವವರು ಗಂಡಸರೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಾಗಿ ನನ್ನಲ್ಲೇ ಏನೋ ಕೆಟ್ಟಿದೆ ಅನ್ನಿಸುತ್ತದೆ.

ಅಶ್ವಗಂಧ_ಪ್ರಿಯ
ಟೆಸ್ಟೋಸ್ಟಿರಾನ್ ಕಡಿಮೆಯಾಗಿರುತ್ತದೆ. ನಲವತ್ತು ಹತ್ತಿರ ಬಂದರೆ ಕೆಲವರಿಗೆ ಹಾಗೆ. ರಾತ್ರಿ ಹಾಲಿಗೆ ಅಶ್ವಗಂಧ ಹಾಕಿ ಕೊಡಿ. ಬೇಗ ಫಲ ಬೇಕಾದರೆ ಮೂಲಿಕೆ ಕ್ಯಾಪ್ಸೂಲ್ ಸಿಗುತ್ತವೆ, ಒಂದೇ ಗಂಟೆಯಲ್ಲಿ ಗೊತ್ತಾಗುತ್ತದೆ. ನನ್ನ ಸ್ನೇಹಿತನಿಗೆ ಆಗಿದೆ.

ಮಲ್ಲಿಗೆ_ಮೊಗ್ಗು_62
ಒಂದೇ ಗಂಟೆಯಲ್ಲಿ ಕೆಲಸ ಮಾಡುವ ಮೂಲಿಕೆಯಾ? ಸೊಪ್ಪು ಸದೆಗೆ ಅಷ್ಟು ಅವಸರ ಯಾಕೆ?

ಸಂಪಿಗೆ_ಮರ
ಮಲ್ಲಿಗೆ ಅವರ ಅನುಮಾನ ಸರಿಯಾಗಿದೆ. ನಾನು ಹದಿನೈದು ವರ್ಷದಿಂದ ಮನೋರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ, ಗಂಡ ಹೆಂಡತಿಯರ ಕೌನ್ಸೆಲಿಂಗ್ ಮಾಡುತ್ತೇನೆ. ಅಂಥ ಕ್ಯಾಪ್ಸೂಲ್‌ಗಳಲ್ಲಿ ಎಷ್ಟೋ ಸಲ ವಯಾಗ್ರದಲ್ಲಿರುವ ಸಿಲ್ಡೆನಾಫಿಲ್ ಬೆರೆಸಿರುತ್ತಾರೆ, ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆ ಎಷ್ಟೋ ಸಲ ಎಚ್ಚರಿಸಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಗೊತ್ತಿಲ್ಲದೆ ಇದನ್ನು ನುಂಗಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಟೆಸ್ಟೋಸ್ಟಿರಾನ್ ಪರೀಕ್ಷೆ ಮಾಡಿಸುವುದು ತಪ್ಪಲ್ಲ. ಆದರೆ ಬೆಳಿಗ್ಗೆ ಹತ್ತರೊಳಗೆ ರಕ್ತ ಕೊಡಬೇಕು. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ನೋಡಬೇಕು. ಸಂಜೆ ಕೊಟ್ಟ ಒಂದೇ ರಿಪೋರ್ಟ್ ಹಿಡಿದುಕೊಂಡು ಹೆದರುವವರನ್ನು ತುಂಬ ನೋಡಿದ್ದೇನೆ.

ತುಂಗೆ ಅವರೇ, ಕಾರಣ ಹುಡುಕುವ ಮೊದಲು ಮೂರು ಪ್ರಶ್ನೆ. ಇದು ಮೆಲ್ಲಗೆ ಕಡಿಮೆಯಾಯಿತಾ, ಇಲ್ಲ ಯಾವುದೋ ಒಂದು ತಿಂಗಳಿಂದ ಶುರುವಾಯಿತಾ? ಆ ಸುಮಾರಿಗೆ ಹೊಸ ಮಾತ್ರೆ ಏನಾದರೂ ಶುರು ಮಾಡಿದರಾ? ಬೆಳಗಿನ ಜಾವ ಗಂಡಸರಿಗೆ ತಾನಾಗೇ ಆಗುತ್ತದಲ್ಲ, ಅದು ಈಗಲೂ ಇದೆಯಾ? ಮೂರನೆಯದಕ್ಕೆ ಉತ್ತರ ನಿಮಗೆ ಗೊತ್ತಿಲ್ಲದಿದ್ದರೂ ಅವರಿಗೆ ಗೊತ್ತಿರುತ್ತದೆ. ಅದು ಇದ್ದರೆ ರಕ್ತನಾಳ, ನರ ಬಹುಪಾಲು ಚೆನ್ನಾಗಿವೆ ಅಂತ ಲೆಕ್ಕ. ಅದೂ ಮೆಲ್ಲಮೆಲ್ಲಗೆ ನಿಂತಿದ್ದರೆ ಶುಗರ್, ಬಿಪಿ ನೋಡಿಸಲೇಬೇಕು.

ತುಂಗೆ_ತೀರ
ಮೆಲ್ಲಗೆ ಅಲ್ಲ, ಯಾವುದೋ ಒಂದು ತಿಂಗಳಿಂದ ಶುರುವಾಯಿತು ಅಂತಲೇ ಹೇಳಬಹುದು. ಮಾತ್ರೆ ಇದೆ. ಅವರಿಗೆ ಆಫೀಸಿನಲ್ಲಿ ಎರಡು ಸಲ ಎದೆ ಡವಡವ ಬಂದು ಬೆವೆತು ಬಿದ್ದಂತಾಯಿತು. ಹೃದಯ ಸರಿ ಇದೆ, ಪ್ಯಾನಿಕ್ ಅಂತ ಹೇಳಿ ಎಸ್ಸಿಟಲೊಪ್ರಾಮ್ 10 ಮಿಲಿಗ್ರಾಂ ಕೊಟ್ಟರು. ಒಂದು ವರ್ಷ ಆಗುತ್ತಾ ಬಂತು. ಮನೆಯಲ್ಲಿ ಅದನ್ನು "ಟೆನ್ಷನ್ ಮಾತ್ರೆ" ಅನ್ನುತ್ತೇವೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಒನ್_ಬೈ_ಟೂ
ಮಾತ್ರೆ ನಿಲ್ಲಿಸಿದರೆ ಆಯಿತಲ್ಲ ಮತ್ತೆ?

ಸಂಪಿಗೆ_ಮರ
ನಿಲ್ಲಿಸಬಾರದು! ಇದ್ದಕ್ಕಿದ್ದ ಹಾಗೆ ಬಿಟ್ಟರೆ ತಲೆ ತಿರುಗುತ್ತದೆ, ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುತ್ತದೆ, ನಿದ್ದೆ ಹೋಗುತ್ತದೆ. ಪ್ಯಾನಿಕ್ ಕೂಡ ವಾಪಸ್ ಬರಬಹುದು.

ಸಂಬಂಧ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಈ ಗುಂಪಿನ ಮಾತ್ರೆಗಳಲ್ಲಿ ಆಸೆ ಕುಗ್ಗುವುದು, ಮುಗಿಯಲು ತುಂಬ ಹೊತ್ತು ಹಿಡಿಯುವುದು, ಕೆಲವೊಮ್ಮೆ ಮುಗಿಯದೇ ಇರುವುದು ಅಪರೂಪವಲ್ಲ. ಹೆಂಗಸರಿಗೂ ಆಗುತ್ತದೆ. ಆದರೆ ಒಂದು ಎಚ್ಚರ. ಆತಂಕ, ಖಿನ್ನತೆ ತಾವೇ ಆಸೆಯನ್ನು ಕೊಲ್ಲುತ್ತವೆ. ಹಾಗಾಗಿ ದಿನಾಂಕ ನೋಡಬೇಕು. ಪ್ಯಾನಿಕ್ ಶುರುವಾದಾಗಲೇ ಕಡಿಮೆಯಾಗಿದ್ದರೆ ಕಾಯಿಲೆ ಕಾರಣ ಇರಬಹುದು. ಪ್ಯಾನಿಕ್ ಹತೋಟಿಗೆ ಬಂದು ಅವರು ಚೆನ್ನಾಗಿ ನಗುತ್ತಾ ಓಡಾಡುತ್ತಾ ಇದ್ದು, ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಇದೊಂದೇ ಕೆಟ್ಟಿದ್ದರೆ ಮಾತ್ರೆಯ ಮೇಲೆ ಅನುಮಾನ ಪಡಬೇಕು. ಕೊಟ್ಟ ಡಾಕ್ಟರು ಡೋಸ್ ಇಳಿಸಬಹುದು, ಬೇರೆ ಮಾತ್ರೆಗೆ ಬದಲಾಯಿಸಬಹುದು, ಜೊತೆಗೆ ಇನ್ನೊಂದು ಕೊಡಬಹುದು. ಅವರಿಗೆ ದಾರಿಗಳಿವೆ. ಆದರೆ ರೋಗಿ ಬಾಯಿ ಬಿಡುವುದಿಲ್ಲ, ಡಾಕ್ಟರಿಗೂ ಕೇಳುವ ಪುರುಸೊತ್ತಿಲ್ಲ.

ಬೆಣ್ಣೆ_ದೋಸೆ
ಬಾಯಿ ಬಿಡುವ ವಿಷಯಕ್ಕೆ ಬಂದರೆ ನನ್ನದೊಂದು ಕಥೆ. ಶುಗರ್ ಬಂದ ಮೇಲೆ ನನಗೂ ಇದೇ ಆಯಿತು. ಧೈರ್ಯ ಮಾಡಿ ಡಾಕ್ಟರ ಹತ್ತಿರ "ಸಂಸಾರದಲ್ಲಿ ಸ್ವಲ್ಪ ತೊಂದರೆ ಸಾರ್" ಅಂದೆ. ಅವರು "ಹೊಂದಿಕೊಂಡು ಹೋಗಿ, ಹೆಂಡತಿ ತವರಿಗೆ ಹೋಗಿದ್ದಾರಾ?" ಅಂದರು! ನಾನು ಹೂಂ ಅಂದು ಎದ್ದು ಬಂದೆ. ಮತ್ತೆ ಆ ಮಾತು ಎತ್ತಲು ಎಂಟು ತಿಂಗಳು ಬೇಕಾಯಿತು.

ತಪ್ಪಿಸಿಕೊಳ್ಳುವವನ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ನಾನು ಅವನೇ. ಒಂದು ಸಲ ಕೈಕೊಟ್ಟಿತು. ಎರಡನೇ ಸಲ ಶುರು ಮಾಡುವ ಮೊದಲೇ "ಇವತ್ತೂ ಆಗದಿದ್ದರೆ?" ಅಂತ ತಲೆಯಲ್ಲಿ ಕೂತಿತು, ಅದಕ್ಕೇ ಆಗಲಿಲ್ಲ. ಆಮೇಲೆ ಅವಳು ಹೂ ಮುಡಿದುಕೊಂಡು ಬಂದರೂ ಹೆದರಿಕೆ. ಟಿವಿ ಮುಂದೆ ಹನ್ನೆರಡರವರೆಗೆ ಕೂರುತ್ತಿದ್ದೆ, ಅವಳು ಮಲಗಲಿ ಅಂತ. ಅಪ್ಪಿಕೊಳ್ಳುವುದನ್ನೂ ಬಿಟ್ಟೆ. ಅಪ್ಪಿಕೊಂಡರೆ ಮುಂದಕ್ಕೆ ಹೋಗಬೇಕಾಗುತ್ತದೆ ಅಲ್ವಾ? ಅವಳು ನನಗೆ ಬೇಡವಾಗಿರಲಿಲ್ಲ. ಪರೀಕ್ಷೆ ಬೇಡವಾಗಿತ್ತು.

ತುಂಗೆ_ತೀರ
"ಪರೀಕ್ಷೆ ಬೇಡವಾಗಿತ್ತು." ಇದನ್ನು ಮೂರು ಸಲ ಓದಿದೆ. ಟಿವಿ ಮುಂದೆ ಕೂರುವುದು ನಮ್ಮ ಮನೆಯಲ್ಲೂ ಇದೆ.

ಮಲ್ಲಿಗೆ_ಮೊಗ್ಗು_62
ನಾವು ಮಾತಾಡದಿರಲು ಇನ್ನೊಂದು ಕಾರಣ ಮಾತೇ ಇಲ್ಲದಿರುವುದು. ಪುಸ್ತಕದಲ್ಲಿ "ಸಂಭೋಗ", "ಲೈಂಗಿಕ ಕ್ರಿಯೆ". ಅದನ್ನು ಹಾಸಿಗೆಯಲ್ಲಿ ಹೇಳಿದರೆ ಪಂಚಾಯ್ತಿ ನೋಟಿಸ್ ಓದಿದ ಹಾಗೆ. ಇನ್ನೊಂದು ಕಡೆ ಬರೀ ಬೈಗುಳ. ನಡುವೆ ಏನಿದೆ? "ಅದು." ನಾವೂ ಮೂವತ್ತು ವರ್ಷ "ಅದು" ಅಂತಲೇ ಸಂಸಾರ ಮಾಡಿದೆವು. ತಮಾಷೆ ನೋಡಿ, ಪ್ರಸ್ತಕ್ಕೆ ಮಾತ್ರ ಪುರೋಹಿತರು ಮುಹೂರ್ತ ಇಟ್ಟು, ಮಂಚಕ್ಕೆ ಹೂ ಕಟ್ಟಿ, ಹಾಲು ಹಣ್ಣು ಇಟ್ಟು, ನೆಂಟರೆಲ್ಲ ಬಾಗಿಲ ಹೊರಗೆ ನಗುತ್ತಾ ನಿಂತಿದ್ದರು. ಮಾರನೇ ದಿನದಿಂದ ಅದರ ಸುದ್ದಿಯೇ ಇಲ್ಲ.

ಧಾರವಾಡ_ಪೇಢಾ
ನಮ್ಮ ಕಡೆ "ಕೂಡೋದು" ಅಂತೀವ್ರಿ. ಲೆಕ್ಕದ ಮಾಸ್ತರ್ರು "ಕೂಡಸ್ರಿ" ಅಂದ್ರ ಹಿಂದಿನ ಬೆಂಚು ನಕ್ಕು ಸಾಯ್ತಿತ್ತು.

ಮಾತು ಹೋಗಲಿ, ಜಾಗ ಎಲ್ಲೈತಿ? ನಮ್ಮದು ಎರಡು ಖೋಲಿ ಮನಿ. ಆಜೂಬಾಜೂ ಅಪ್ಪ ಅವ್ವ, ನಡುವ ಮಗಳು. ಮಂಚ ಒಂದು, ಕಿರ್‌ ಅಂತಂದ್ರ ಅಪ್ಪ ಅಲ್ಲಿಂದ ಕೆಮ್ಮತಾರ. ಆಸೆ ಹೋಗೈತೋ, ಧೈರ್ಯ ಹೋಗೈತೋ ನಮಗೇ ಗೊತ್ತಿಲ್ಲ.

ಒನ್_ಬೈ_ಟೂ
ಮಂಚದ ಬೋಲ್ಟಿಗೆ ವಾಷರ್ ಹಾಕಿ ಬಿಗಿ ಮಾಡಿ ಸಾರ್. ಇದು ಮಾತ್ರ ನನಗೆ ಗ್ಯಾರಂಟಿ ಗೊತ್ತು.

ಸುಬ್ಬಿ_ಮನೆ
ನಾನು ಎದುರು ಪಕ್ಷ. ನಮ್ಮಲ್ಲಿ ಕಡಿಮೆ ಆಸೆ ನನ್ನದು. "ನಿನಗೆ ಯಾವಾಗ ಬೇಕು ಅನ್ನಿಸುತ್ತೋ ಆಗ ಹೇಳು" ಅಂತ ಗಂಡ ಒಳ್ಳೆ ಮನಸ್ಸಿನಿಂದ ಹೇಳಿದರು. ಆರು ತಿಂಗಳು ಕಾದರು. ನನಗೆ ಅನ್ನಿಸಲೇ ಇಲ್ಲ. ಆಮೇಲೆ ಗೊತ್ತಾಯಿತು, ನನ್ನ ಜಾತಿಯೇ ಬೇರೆ. ಕೆಲವರು ಹಸಿವಾದ ಮೇಲೆ ಊಟಕ್ಕೆ ಕೂರುತ್ತಾರೆ. ನನಗೆ ಎಲೆ ಮುಂದೆ ಕೂತು, ತುಪ್ಪದ ವಾಸನೆ ಬಂದು, ಒಂದು ತುತ್ತು ಒಳಗೆ ಹೋದ ಮೇಲೆ ಹಸಿವು. ನೆಮ್ಮದಿಯಾಗಿ ಒಬ್ಬರ ಪಕ್ಕ ಒಬ್ಬರು ಇದ್ದು, ಬೆನ್ನು ಸವರಿ, ಮಾತಾಡುತ್ತಾ ಇದ್ದರೆ ಆಮೇಲೆ ಆಸೆ ಬರುತ್ತದೆ. ಮೊದಲೇ ಬರಲಿ ಅಂದರೆ ಬರುವುದಿಲ್ಲ.

ಕಾವೇರಿ_ಕಣಿವೆ
ಈ ಊಟದ ಹೋಲಿಕೆ ನನಗೆ ಇಷ್ಟವಾಗಲಿಲ್ಲ. "ಶುರು ಮಾಡು, ಆಮೇಲೆ ಹಸಿವಾಗುತ್ತೆ" ಅಂತ ಹೇಳಿಯೇ ನನ್ನ ಮೊದಲ ಮದುವೆಯಲ್ಲಿ ಒತ್ತಾಯ ನಡೆದದ್ದು.

ಸುಬ್ಬಿ_ಮನೆ
ನಿಮ್ಮ ಮಾತು ಒಪ್ಪುತ್ತೇನೆ, ಅದನ್ನು ನಾನೇ ಹೇಳಬೇಕಿತ್ತು. ಎಲೆ ಮುಂದೆ ಕೂರುವುದು ನನ್ನ ಇಷ್ಟ. ಹಸಿವಾಗದಿದ್ದರೆ ಎದ್ದು ಹೋಗುವುದೂ ನನ್ನ ಇಷ್ಟ, ಮುಖ ಊದಿಸಿಕೊಳ್ಳುವವರು ಎದುರಿಗಿರಬಾರದು. ನಮ್ಮಲ್ಲಿ ಅರ್ಧಕ್ಕೇ "ಸಾಕು" ಅಂದ ದಿನಗಳಿವೆ. ಅವರು ಎದ್ದು ಕಾಫಿ ಮಾಡಿದರು. ಆ ಕಾಫಿ ಇಲ್ಲದಿದ್ದರೆ ಮುಂದಿನ ಸಲ ನಾನು ಕೂರುತ್ತಲೇ ಇರಲಿಲ್ಲ.

ಕಾವೇರಿ_ಕಣಿವೆ
ಕಾಫಿ ಮಾಡುವವರು ಎಲ್ಲರಿಗೂ ಸಿಗುವುದಿಲ್ಲ. ಅಷ್ಟೇ ಹೇಳಿದೆ.

ಸಂಪಿಗೆ_ಮರ
ಇಬ್ಬರೂ ಹೇಳಿದ್ದು ಬೇಕಾದದ್ದೇ. ಈಗ ತುಂಗೆ ಅವರ ಮೂಲ ಪ್ರಶ್ನೆ, ಮಾತು ಎತ್ತುವುದು ಹೇಗೆ. ನೀವು ಎರಡು ಸಲವೂ ಮಲಗುವ ಹೊತ್ತಿಗೆ ಕೇಳಿದಿರಿ. ಆ ಹೊತ್ತಿಗೆ ಯಾವ ಪ್ರಶ್ನೆ ಕೇಳಿದರೂ ಅವರ ಕಿವಿಗೆ ಬೀಳುವುದು "ಈಗ ಬೇಕು" ಅಂತಲೇ. ಹಗಲು ಕೇಳಿ. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಬೇಡ. ಕೈಗೆ ಏನಾದರೂ ಕೆಲಸ ಇರಲಿ, ವಾಕಿಂಗ್ ಆದರೂ ಸರಿ. ಮೊದಲು ಚಾರ್ಜರ್ ಕಥೆ ಹೇಳಿ. ಅದರಲ್ಲಿ ದೂರು ಇಲ್ಲ, ನಡೆದದ್ದು ಮಾತ್ರ ಇದೆ. "ಯಾವಾಗಲೂ", "ಯಾವತ್ತೂ ಇಲ್ಲ" ಅನ್ನುವ ಎರಡು ಮಾತು ಬಿಡಿ. "ನಿಮಗೆ ನಾನು ಬೇಡವಾ" ಅಂತ ಕೇಳಬೇಡಿ, ಅದಕ್ಕೆ ಅವರು "ಹಾಗೇನಿಲ್ಲ" ಅನ್ನದೆ ಬೇರೆ ಏನೂ ಹೇಳಲಾರರು. ಮಾತು ಅಲ್ಲಿಗೇ ಮುಗಿಯುತ್ತದೆ. ಹದಿನೈದು ನಿಮಿಷ ಸಾಕು. ಒಂದೇ ದಿನ ಎಲ್ಲ ಮುಗಿಸಬೇಡಿ.

ಅಶ್ವಗಂಧ_ಪ್ರಿಯ
ಇಷ್ಟೆಲ್ಲ ತಯಾರಿ ಮಾಡಿ ಮಾತಾಡಿದರೆ ಸಹಜ ಅನ್ನಿಸುತ್ತದಾ? ನನ್ನ ಪ್ರಕಾರ ಪ್ರೀತಿ ತಾನಾಗೇ ಬರಬೇಕು.

ಮಲ್ಲಿಗೆ_ಮೊಗ್ಗು_62
ಹತ್ತು ತಿಂಗಳು ತಾನಾಗೇ ಬರಲಿಲ್ಲವಲ್ಲಪ್ಪ.

ತುಂಗೆ_ತೀರ (ಹನ್ನೊಂದು ದಿನಗಳ ನಂತರ)
ಮಾತಾಡಿದೆ.

ಭಾನುವಾರ ಹಿತಕವರೆ ಬೇಳೆಗೆ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದೆವು. ಮಗ ಕೆಳಗೆ ಆಡಲು ಹೋಗಿದ್ದ. ಎರಡು ಕೆಜಿ ಕಾಯಿ, ಬೇಕಾದಷ್ಟು ಹೊತ್ತು ಇತ್ತು. ನಾನು ತಲೆ ಎತ್ತದೆ "ರೀ, ಅವತ್ತು ನಾನು ಚಾರ್ಜರ್ ತೆಗೆಯಲು ಬಂದದ್ದು" ಅಂದೆ. ಅವರು ಕಾಳು ಹಿಸುಕುವುದು ನಿಲ್ಲಿಸಿದರು. ಆಮೇಲೆ ನಕ್ಕರು. ಆಮೇಲೆ ತುಂಬ ಹೊತ್ತು ಸುಮ್ನೆ ಇದ್ದರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಹಾಕುವ ಸದ್ದು ಬಿಟ್ಟರೆ ಏನಿಲ್ಲ.

"ಮುಟ್ಟಿದರೆ ಮುಂದಕ್ಕೆ ಹೋಗಲೇಬೇಕು ಅಂತ ನನಗಿಲ್ಲ. ಮುಟ್ಟುವುದೇ ನಿಂತುಹೋಯಿತಲ್ಲ, ಅದು ಕಷ್ಟ ಆಗುತ್ತಿದೆ" ಅಂದೆ. ಇಷ್ಟನ್ನು ಬಾತ್‌ರೂಮಿನಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿದ್ದೆ.

ಆಗ ಹೇಳಿದರು. ಮಾತ್ರೆ ಶುರುವಾದ ಎರಡನೇ ತಿಂಗಳು ಒಂದು ಸಲ ಮುಗಿಯಲೇ ಇಲ್ಲವಂತೆ. ನನಗೆ ಗೊತ್ತಾಗದ ಹಾಗೆ ನಟಿಸಿದರಂತೆ. ಇನ್ನೊಂದು ಸಲ ನಡುವೆಯೇ ಆರಿಹೋಯಿತು. ಅವತ್ತು ನಾನು "ಪರವಾಗಿಲ್ಲ" ಅಂದೆನಂತೆ, ನನಗೆ ನೆನಪೇ ಇಲ್ಲ. ಆ "ಪರವಾಗಿಲ್ಲ" ಅವರಿಗೆ "ನಿರೀಕ್ಷೆ ಬಿಟ್ಟಿದ್ದೇನೆ" ಅಂತ ಕೇಳಿಸಿತಂತೆ. ನಾನು ಬೇರೆ ಹೆಂಗಸಿನ ಅನುಮಾನ ಪಡುತ್ತಿದ್ದೇನೆ ಅಂತ ಅವರ ಹೆದರಿಕೆ. ನಾನು ದಪ್ಪ ಆಗಿದ್ದಕ್ಕೆ ಹೀಗೆ ಅಂತ ನನ್ನ ಹೆದರಿಕೆ. ಹತ್ತು ತಿಂಗಳು ಇಬ್ಬರೂ ಬೇರೆ ಬೇರೆ ಕಥೆ ಕಟ್ಟಿಕೊಂಡು ಕೂತಿದ್ದೆವು.

ಎಲ್ಲ ಸರಿ ಹೋಯಿತು ಅಂದುಕೊಳ್ಳಬೇಡಿ. ಡಾಕ್ಟರ ಹತ್ತಿರ ನಾನೂ ಬರುತ್ತೇನೆ ಅಂದದ್ದಕ್ಕೆ ಬೇಡವೇ ಬೇಡ ಅಂದರು. ನಾನು ದಪ್ಪದ ಮಾತು ಎತ್ತಿದಾಗ ನನಗೇ ಅಳು ಬಂತು. ಅವರು ಗಾಬರಿಯಾಗಿ ಎದ್ದು ನೀರು ತರಲು ಹೋದವರು ಹತ್ತು ನಿಮಿಷ ಬರಲಿಲ್ಲ.

ಬೆಣ್ಣೆ_ದೋಸೆ
ನೀರು ತರಲು ಹತ್ತು ನಿಮಿಷ ಯಾಕೆ ಬೇಕಾಯಿತು ಅಂತ ನನಗೆ ಗೊತ್ತು ತಂಗಿ. ಅವರೂ ಮುಖ ತೊಳೆದುಕೊಂಡು ಬಂದಿರುತ್ತಾರೆ.

ಒಬ್ಬರೇ ಹೋಗುವುದಾದರೆ ಮಾತನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. "ಈ ಮಾತ್ರೆ ಶುರುವಾದ ಎರಡು ತಿಂಗಳಿಗೆ ಆಸೆ ಕಡಿಮೆಯಾಗಿದೆ, ವೀರ್ಯ ಹೋಗುವುದು ತಡವಾಗುತ್ತಿದೆ." ಇಷ್ಟೇ. "ಸಂಸಾರದಲ್ಲಿ ತೊಂದರೆ" ಅಂದರೆ ನನ್ನ ಗತಿಯೇ. ಬಸ್ ಸ್ಟ್ಯಾಂಡ್ ಗೋಡೆ ಮೇಲಿನ "ನರದೌರ್ಬಲ್ಯ, ಗುಪ್ತರೋಗ" ಕ್ಲಿನಿಕ್ಕಿಗೆ ಮಾತ್ರ ಹೋಗದಿರಲಿ. ನಾನು ಹೋಗಿ ದುಡ್ಡು ಕಳೆದುಕೊಂಡಿದ್ದೇನೆ. ಕೊನೆಗೆ ಕೆಲಸಕ್ಕೆ ಬಂದದ್ದು ಶುಗರ್ ಇಳಿಸಿದ್ದು ಮತ್ತು ಹೆಂಡತಿಗೆ ನಿಜ ಹೇಳಿದ್ದು.

ಸಂಪಿಗೆ_ಮರ
ಚೀಟಿ ಒಳ್ಳೆಯ ಉಪಾಯ. ಡಾಕ್ಟರ ಮುಂದೆ ಆಗುವುದೇ ಇಲ್ಲ ಅಂದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಬಹುದು, 14416. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮುಖ ಕಾಣದಿದ್ದರೆ ಕೆಲವರಿಗೆ ಬಾಯಿ ಬರುತ್ತದೆ.

ಮಾತ್ರೆ ಸರಿಮಾಡಿದ ಮೇಲೂ ಆ ಪರೀಕ್ಷೆಯ ಹೆದರಿಕೆ ಉಳಿದಿರುತ್ತದೆ. ಅದಕ್ಕೆ ಒಂದು ಹಳೆಯ ಅಭ್ಯಾಸ ಇದೆ. ಮಾಸ್ಟರ್ಸ್ ಮತ್ತು ಜಾನ್ಸನ್ ಅನ್ನುವ ಇಬ್ಬರು ಅಮೆರಿಕನ್ನರು 1970ರಲ್ಲಿ ಬರೆದದ್ದು, ನಾವು ಇವತ್ತಿಗೂ ಹೇಳಿಕೊಡುತ್ತೇವೆ. ಇಬ್ಬರೂ ಒಪ್ಪಿ ಕೆಲವು ವಾರ ಕೂಡುವುದನ್ನೇ ನಿಲ್ಲಿಸಬೇಕು. ಈಗಲೂ ಇಲ್ಲವಲ್ಲ ಅನ್ನಬೇಡಿ. ಈಗ ಇಲ್ಲದಿರುವುದು ತಪ್ಪಿಸಿಕೊಂಡು, ಇದು ಒಪ್ಪಿಕೊಂಡು. ವಾರಕ್ಕೆ ಎರಡು ಸಲ, ಇಪ್ಪತ್ತು ನಿಮಿಷ, ಒಬ್ಬರು ಮುಟ್ಟುವುದು, ಇನ್ನೊಬ್ಬರು ಸುಮ್ನೆ ಮಲಗುವುದು. ಆಮೇಲೆ ಅದಲು ಬದಲು. ಬೆನ್ನು, ತಲೆ, ಕೈ, ಪಾದ. ಮೊಲೆ, ತೊಡೆಸಂದಿಗೆ ಮೊದಲ ವಾರಗಳಲ್ಲಿ ಹೋಗಬಾರದು. ಮುಟ್ಟುವವರು ಎದುರಿನವರಿಗೆ ಹಿತವಾಗುತ್ತಿದೆಯಾ ಅಂತ ಯೋಚಿಸಬಾರದು. ತಮ್ಮ ಕೈಗೆ ಚರ್ಮ ಬಿಸಿಯೋ ತಣ್ಣಗೋ, ಒರಟೋ ನಯವೋ, ಅಷ್ಟನ್ನೇ ಗಮನಿಸಬೇಕು. ಹಿತವಿಲ್ಲದಿದ್ದರೆ ಮಲಗಿದವರು ಕೈ ಸರಿಸಿದರೆ ಸಾಕು.

ಕೆಡುವುದು ಎಲ್ಲಿ ಗೊತ್ತಾ? ಮೂರನೇ ನಾಲ್ಕನೇ ದಿನ ಎಲ್ಲ ಚೆನ್ನಾಗಿ ಆಗಿಬಿಡುತ್ತದೆ, ದೇಹ ಎದ್ದು ಕೂರುತ್ತದೆ, ಖುಷಿಯಲ್ಲಿ ನಿಯಮ ಮುರಿದು ಮುಂದಕ್ಕೆ ಹೋಗುತ್ತಾರೆ. ಅವತ್ತು ಕೆಲಸ ಆದರೂ ಆಗಬಹುದು. ಆದರೆ ಮುಂದಿನ ಸಲ ಬೆನ್ನು ಮುಟ್ಟಿದರೆ ಅದು ಮತ್ತೆ ಪರೀಕ್ಷೆಯೇ. ಹಾಗಾಗಿ ಚೆನ್ನಾಗಿ ಆದ ದಿನವೂ ನಿಯಮ ಮುರಿಯದೆ ಅಲ್ಲಿಗೇ ನಿಲ್ಲಿಸಬೇಕು.

ಅಶ್ವಗಂಧ_ಪ್ರಿಯ
ಗಡಿಯಾರ ಇಟ್ಟುಕೊಂಡು ಇಪ್ಪತ್ತು ನಿಮಿಷ! ಇದೇನು ಪ್ರೀತಿಯಾ, ಯೋಗ ಕ್ಲಾಸಾ?

ಕಾವೇರಿ_ಕಣಿವೆ
ಗಡಿಯಾರ ಇದ್ದರೇ ಒಳ್ಳೆಯದು. ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಗೊತ್ತಿದ್ದರೆ ನನ್ನಂಥವರು ಧೈರ್ಯವಾಗಿ ಮಲಗಬಹುದು. ಈ ವಿಷಯದಲ್ಲಿ ನಿಮಗೂ ನನಗೂ ಹೊಂದುವುದಿಲ್ಲ ಬಿಡಿ.

ಧಾರವಾಡ_ಪೇಢಾ
ಇಪ್ಪತ್ತು ನಿಮಿಷ ಬಾಗಿಲು ಹಾಕ್ಕೊಂಡ್ರ ನಮ್ಮವ್ವ ಎರಡು ಸಲ ಚಹಾ ಬೇಕೇನು ಅಂತ ಕೇಳ್ತಾಳ. ಆದ್ರ ಬೋಲ್ಟಿಗೆ ವಾಷರ್ ಹಾಕೀನ್ರಿ ಒನ್ ಬೈ ಟೂ ಅವರ, ಸಪ್ಪಳ ನಿಂತೈತಿ.

ತುಂಗೆ_ತೀರ
ಗುರುವಾರ ಅಪಾಯಿಂಟ್‌ಮೆಂಟ್ ಇದೆ. ಚೀಟಿ ಬರೆಯಲು ಹೇಳಿದೆ. "ವೀರ್ಯ ಅಂತೆಲ್ಲ ನನ್ನ ಕೈಯಲ್ಲಿ ಬರೆಯಲು ಆಗಲ್ಲ" ಅಂದರು. ನಾನೇ ಬರೆದು ಪರ್ಸಿನಲ್ಲಿಟ್ಟಿದ್ದೇನೆ. ತೋರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ನಿನ್ನೆ ರಾತ್ರಿ ಟಿವಿ ಹತ್ತೂವರೆಗೆ ಆಫ್ ಆಯಿತು.

ಒನ್_ಬೈ_ಟೂ
ಶುಭವಾಗಲಿ ಮೇಡಂ. ಅಂದ ಹಾಗೆ ಹಿತಕವರೆ ಬೇಳೆ ಸಾರಿಗೆ ಮಸಾಲೆ ಹುರಿದು ಹಾಕುತ್ತೀರಾ, ಹಸಿದೇ ರುಬ್ಬುತ್ತೀರಾ?

ತುಂಗೆ_ತೀರ
ಹಸಿದೇ. ಹುರಿದರೆ ಸೊಗಡು ಹೋಗುತ್ತದೆ.

ಮಲ್ಲಿಗೆ_ಮೊಗ್ಗು_62
ಇದನ್ನು ಮಾತ್ರ ನಾನು ಒಪ್ಪುವುದಿಲ್ಲ.